ಎಸ್‌ಒಪಿಗೆ ಬಲ ಕೊಡುವ ಶಿಫಾರಸು ಪತ್ರ: ‘ಸಿನ್ಸಿಯರ್, ಹಾರ್ಡ್‌ವರ್ಕಿಂಗ್’ ಬಿಟ್ಟು ಏನು ಬರೀಲಿ?

ರಾಯಚೂರು_ಕೆಮಿಸ್ಟ್ರಿ

ಎಲ್ಲರಿಗೂ ನಮಸ್ಕಾರ. ರಾಯಚೂರಿನ ಒಂದು ಪದವಿ ಕಾಲೇಜಿನಲ್ಲಿ 11 ವರ್ಷದಿಂದ ರಸಾಯನಶಾಸ್ತ್ರ ಕಲಿಸ್ತಿದ್ದೀನಿ. ನಮ್ಮ ಬಿಎಸ್ಸಿ ಹುಡುಗಿಯೊಬ್ಬಳು ಮಣ್ಣು ಮತ್ತು ನೀರಿನ ರಸಾಯನಶಾಸ್ತ್ರದಲ್ಲಿ ಎಂಎಸ್ಸಿ ಮಾಡೋಕೆ ಹೊರದೇಶದ ವಿಶ್ವವಿದ್ಯಾಲಯವೊಂದಕ್ಕೆ ಅರ್ಜಿ ಹಾಕ್ತಿದ್ದಾಳೆ. ಶಿಫಾರಸು ಪತ್ರ ಕೇಳಿದ್ಲು, ಹಿಂದಿನವರಿಗೆ ಬರೆದಂಗೆ ಬರೆದುಕೊಟ್ಟೆ. ಸಿನ್ಸಿಯರ್, ಹಾರ್ಡ್‌ವರ್ಕಿಂಗ್, ಒಳ್ಳೆ ನಡತೆ, ಉಜ್ವಲ ಭವಿಷ್ಯಕ್ಕೆ ಹಾರೈಕೆ.

ಮರುದಿನ ತನ್ನ ಎಸ್‌ಒಪಿ, ಅಂದ್ರೆ ಈ ಕೋರ್ಸ್ ಯಾಕೆ ಓದಬೇಕು ಅಂತ ತನ್ನ ಬಗ್ಗೆ ತಾನೇ ಬರೆದು ಅರ್ಜಿ ಜೊತೆ ಕೊಡೋ ಬರಹ, ತಂದು ಕೈಗಿಟ್ಟು, “ಸರ್, ಇದನ್ನ ಓದಿ, ನೀವು ಕಣ್ಣಾರೆ ನೋಡಿದ್ದು ಏನಾದ್ರೂ ಇದ್ರೆ ಸೇರಿಸ್ತೀರಾ?” ಅಂದ್ಲು. ಓದಿದೆ. ಸಿಂಧನೂರು ಕಡೆ ತಮ್ಮ ಹೊಲಕ್ಕೆ ಸವಳು ಬಂದಿದ್ದು, ಅದರಿಂದ ಈ ವಿಷಯದ ಮೇಲೆ ಆಸಕ್ತಿ ಹುಟ್ಟಿದ್ದು, ತಾನು ತಾಳ್ಮೆಯಿಂದ ಸೂಕ್ಷ್ಮವಾಗಿ ಕೆಲಸ ಮಾಡ್ತೀನಿ ಅನ್ನೋದು, ಕೊನೆ ಸೆಮಿಸ್ಟರ್‌ನಲ್ಲಿ ಪ್ರಾಜೆಕ್ಟ್ ಮುನ್ನಡೆಸಿದ್ದು, ಎಲ್ಲಾ ಚೆನ್ನಾಗಿ ಬರೆದಿದ್ದಾಳೆ. ಆದ್ರೆ ನಾನು ಏನು ಸೇರಿಸಲಿ? ಒಳ್ಳೆ ಹುಡುಗಿ ಅಂತ ಗೊತ್ತು, ಉದಾಹರಣೆ ಕೇಳಿದ್ರೆ ತಲೆ ಖಾಲಿ. ಕೊನೇ ದಿನಾಂಕಕ್ಕೆ 12 ದಿನ ಇದೆ. ಅನುಭವ ಇದ್ದವರು ದಾರಿ ತೋರಿಸಿ.

ದೇವದುರ್ಗ_ಪಿಯು

ಪ್ರಾಂಶುಪಾಲರ ಸಹಿ, ಸೀಲು ಇದ್ರೆ ಸಾಕಲ್ರೀ ಸರ್. ನಮ್ಮಲ್ಲಿ ನಡತೆ ಪ್ರಮಾಣಪತ್ರದ ನಮೂನೆ ಆಫೀಸಿನಲ್ಲೇ ಇರ್ತದ, ಹೆಸರು, ರಿಜಿಸ್ಟರ್ ನಂಬರ್ ತುಂಬಿ ಕೊಡ್ತೀವಿ. ಬೇಕಂದ್ರ ಫೋಟೋ ಕಳಿಸ್ತೀನಿ.

ರಾಯಚೂರು_ಕೆಮಿಸ್ಟ್ರಿ

ಅದು ಬೇರೆ ಸರ್. ಇದು ಕಲಿಸಿದವರೇ ಬರೆದು ವಿಶ್ವವಿದ್ಯಾಲಯಕ್ಕೆ ನೇರ ಕಳಿಸೋ ಪತ್ರ. ಅವರೇ ನನ್ನ ಇಮೇಲ್‌ಗೆ ಲಿಂಕ್ ಕಳಿಸ್ತಾರಂತೆ.

ಲಿಂಗಸುಗೂರು_ಮೇಷ್ಟ್ರು

ಸರ, ಇದಕ್ಯಾಕ ಇಷ್ಟು ತಲಿ ಕೆಡಿಸ್ಕೊಳ್ತೀರಿ? ಆ ಹುಡುಗಿಗೇ ಡ್ರಾಫ್ಟ್ ಬರಕೊಂಡು ಬಾ ಅನ್ರಿ. ಆಕಿ ಎಸ್‌ಒಪಿದಾಗ ಏನು ಬರದಾಳೋ ಅದನ್ನೇ ನೀವು “ಹೌದು, ಈಕಿ ತಾಳ್ಮೆಯವಳು, ಸೂಕ್ಷ್ಮ ಕೆಲಸ ಮಾಡ್ತಾಳ” ಅಂತ ಒತ್ತಿ ಹೇಳಿದ್ರ ಅದೇ ಬೆಂಬಲ ಆಗ್ತದ. ಎರಡೂ ಕಡಿ ಒಂದೇ ಮಾತಿದ್ರ ಖರೆ ಅನಿಸ್ತದ. 26 ವರ್ಷ ಸರ್ವಿಸ್ ಮಾಡೀನಿ, ಎಲ್ಲಾರೂ ಹಿಂಗೇ ಮಾಡ್ತಾರ.

ಸಿರುಗುಪ್ಪ_ಹುಡುಗ

ಮೇಷ್ಟ್ರೇ, ಬ್ಯಾಡ್ರೀ. ನನಗ ಆಗಿದ್ದು ಹೇಳ್ತೀನಿ. ನಾನು ಎಂಟೆಕ್‌ಗೆ ಅರ್ಜಿ ಹಾಕಿದಾಗ ಇಬ್ಬರು ಸರ್‌ಗಳೂ “ನೀನೇ ಬರಕೊಂಡು ಬಾ” ಅಂದ್ರು. ಎರಡೂ ನಾನೇ ಬರೆದೆ, ಎಸ್‌ಒಪಿನೂ ನಾನೇ ಬರೆದಿದ್ದೆ. ಸಂದರ್ಶನದಾಗ ಒಬ್ಬರು ಮೂರೂ ಹಾಳಿ ಟೇಬಲ್ ಮ್ಯಾಲೆ ಸಾಲಾಗಿ ಇಟ್ಟು, ಒಂದೇ ಸಾಲಿಗೆ ಮೂರು ಕಡೆ ಪೆನ್ನಿನಿಂದ ಗೆರೆ ಎಳೆದು, “ಇದನ್ನ ಯಾರು ಬರೆದಿದ್ದು?” ಅಂತ ಕೇಳಿದ್ರು. “ಕಲಿಯುವ ಅದಮ್ಯ ಹಸಿವು” ಅಂತಿತ್ತು ಆ ಸಾಲಿನ್ಯಾಗ. ನಾನು ಸುಳ್ಳು ಹೇಳಲಿಲ್ಲ. ಸೀಟೂ ಸಿಗಲಿಲ್ಲ. ಅದಕ್ಕೇ ಸಿಗಲಿಲ್ಲ ಅಂತ ಹೇಳಾಕ ಬರಂಗಿಲ್ಲ, ಆದ್ರ ಆ ದಿನದ ನಾಚಿಕೆ ಇನ್ನೂ ಮರೆತಿಲ್ಲ.

ಕೊಪ್ಪಳದವಳು

ನಾನು ಮೂಲತಃ ಕೊಪ್ಪಳದವಳು, ಈಗ ಹೊರರಾಜ್ಯದ ವಿಶ್ವವಿದ್ಯಾಲಯವೊಂದರಲ್ಲಿ ಕಲಿಸ್ತೀನಿ. ನಾಲ್ಕು ವರ್ಷದಿಂದ ಸ್ನಾತಕೋತ್ತರ ಪ್ರವೇಶದ ಅರ್ಜಿಗಳನ್ನ ಓದೋ ಸಮಿತಿಯಲ್ಲಿದ್ದೀನಿ, ಹಾಗಾಗಿ ಓದುವವರ ಕಡೆಯಿಂದ ಹೇಳ್ತೀನಿ.

ಮೇಷ್ಟ್ರು ಹೇಳಿದ್ದರಲ್ಲಿ ಅರ್ಧ ಸರಿ. ಎಸ್‌ಒಪಿಗೂ ಪತ್ರಕ್ಕೂ ಹೊಂದಾಣಿಕೆ ಬೇಕು. ಆದ್ರೆ ಅದೇ ಮಾತನ್ನ ತಿರುಗಿ ಹೇಳಿದ್ರೆ ಹೊಂದಾಣಿಕೆ ಆಗೋದಿಲ್ಲ. ಹುಡುಗಿ “ನಾನು ತಾಳ್ಮೆಯವಳು” ಅಂತಾಳೆ, ಮೇಷ್ಟ್ರು “ಅವಳು ತಾಳ್ಮೆಯವಳು” ಅಂತಾರೆ, ಓದುವವಳಾದ ನನಗೆ ಹೊಸದಾಗಿ ಏನು ಗೊತ್ತಾಯ್ತು? ಅವಳು ಹೇಳಿದ ಗುಣ ಯಾವತ್ತು, ಎಲ್ಲಿ, ಯಾವ ಕೆಲಸದಲ್ಲಿ ನಿಮ್ಮ ಕಣ್ಣಿಗೆ ಬಿತ್ತು ಅನ್ನೋದು ಅವಳು ಬರೆಯೋಕಾಗದ ಮಾತು. ಅದು ನಿಮ್ಮ ಪತ್ರದಲ್ಲಿ ಮಾತ್ರ ಸಿಗೋದು, ನಾವು ಹುಡುಕೋದೂ ಅದನ್ನೇ.

ಸರ್, ಹೀಗೆ ಮಾಡಿ. ಎಸ್‌ಒಪಿಯಲ್ಲಿ ಅವಳು ತನ್ನ ಬಗ್ಗೆ ಹೇಳಿಕೊಂಡ ಮಾತುಗಳಿಗೆ ಗೆರೆ ಹಾಕಿ. ನಾಲ್ಕೈದು ಸಿಗ್ತವೆ. ಒಂದೊಂದರ ಪಕ್ಕದಲ್ಲಿ “ನಾನು ನೋಡಿದ್ದೀನಾ?” ಅಂತ ನಿಮ್ಮನ್ನೇ ಕೇಳಿಕೊಳ್ಳಿ. ನೋಡಿಲ್ಲದ್ದನ್ನ ಬಿಟ್ಟುಬಿಡಿ. ನೋಡಿದ ಒಂದೋ ಎರಡೋ ಉಳಿದ್ರೆ ಸಾಕು, ಒಂದು ಪುಟದ ಪತ್ರಕ್ಕೆ ಧಾರಾಳ. ನೆನಪಾಗ್ತಿಲ್ಲ ಅಂದ್ರೆ ಪ್ರಾಕ್ಟಿಕಲ್ ರೆಕಾರ್ಡು, ಪ್ರಾಜೆಕ್ಟ್ ಫೈಲು ತೆಗೀರಿ. ನೀವು ಕೆಂಪು ಇಂಕಿನಲ್ಲಿ ಏನು ಬರೆದಿದ್ರಿ ನೋಡಿ. ಅವಳ ಮೇಲೆ ನಿಮಗೆ ಸಿಟ್ಟು ಬಂದ ದಿನವನ್ನೂ ನೆನೆಸಿಕೊಳ್ಳಿ, ಎಷ್ಟೋ ಸಲ ಉದಾಹರಣೆ ಅಲ್ಲೇ ಅಡಗಿರುತ್ತೆ.

ರಾಯಚೂರು_ಕೆಮಿಸ್ಟ್ರಿ

ಮೇಡಂ, ಸಿಟ್ಟು ಬಂದ ದಿನ ಅಂದ್ರಲ್ಲ, ಒಂದು ನೆನಪಾಯ್ತು.

ಪ್ರಾಜೆಕ್ಟ್ ವರದಿ ಎರಡು ದಿನ ತಡ ಮಾಡಿ ಕೊಟ್ಟಿದ್ಲು, ಬೈದಿದ್ದೆ. ಅವರೂರಿನ ಹೊಲಗಳಿಂದ 24 ಮಣ್ಣಿನ ಸ್ಯಾಂಪಲ್ ತಂದು, ಉಪ್ಪು ಎಷ್ಟಿದೆ ಅಂತ ತಿಳಿಯೋಕೆ ಇಸಿ, ಅಂದ್ರೆ ವಿದ್ಯುತ್ ವಾಹಕತೆ, ಅಳೆಯೋ ಪ್ರಾಜೆಕ್ಟ್ ಅದು. 10 ಗ್ರಾಂ ಮಣ್ಣಿಗೆ 25 ಮಿಲಿ ಡಿಸ್ಟಿಲ್ಡ್ ವಾಟರ್ ಹಾಕಿ, ಕಲಕಿ, ತಿಳಿಯಾಗೋಕೆ ಬಿಟ್ಟು ಮೀಟರ್ ಇಳಿಸೋದು. ಏಪ್ರಿಲ್ ತಿಂಗಳು, ಕರೆಂಟಿಲ್ಲ, ಫ್ಯಾನಿಲ್ಲ. ಮಧ್ಯಾಹ್ನ ಒಂಬತ್ತು ಸ್ಯಾಂಪಲ್ ಮುಗಿಸಿ ನನ್ನ ಹತ್ತಿರ ಬಂದು, “ಸರ್, ರೀಡಿಂಗ್ ಯಾಕೋ ಜಾಸ್ತಿ ಬರ್ತಿದೆ, ಬೆಳಿಗ್ಗೆ ಇದೇ ಮಣ್ಣಿಗೆ ಕಡಿಮೆ ಇತ್ತು” ಅಂದ್ಲು. ನಾನು “ಬಂದಷ್ಟು ಬರ್ಕೋ, ಹಳೇ ಮೀಟರ್ ಅದು” ಅಂದೆ. ಆಮೇಲೆ ಕೇಳಿದ್ರೆ ಅವಳೇ 0.01 ನಾರ್ಮಲ್ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ ಮಾಡಿ ಮೀಟರ್ ಪರೀಕ್ಷೆ ಮಾಡಿದ್ದಾಳೆ. 1.41 ತೋರಿಸಬೇಕಾದ್ದು 1.72 ತೋರಿಸಿದೆ. ಮೀಟರಿನ ತಾಪಮಾನದ ತಿರುಗುಣಿ 25ರ ಮೇಲೇ ಇತ್ತು, ಥರ್ಮಾಮೀಟರ್ ಹಾಕಿ ನೋಡಿದ್ರೆ ದ್ರಾವಣ 36 ಡಿಗ್ರಿ. ಅದನ್ನ ಸರಿ ಮಾಡಿ ಒಂಬತ್ತೂ ಸ್ಯಾಂಪಲ್ ಮತ್ತೆ ಅಳೆದ್ಲು. ತಡ ಆಗಿದ್ದು ಅದಕ್ಕೆ. ಇದು ಪತ್ರಕ್ಕೆ ಬರುತ್ತಾ? ಬಹಳ ಸಣ್ಣದು ಅನಿಸ್ತಿದೆ.

ಗಂಗಾವತಿ_ಭತ್ತ

ಸಣ್ಣದೇನ್ರೀ ಸರ! ನಾನು ಮಣ್ಣು ಪರೀಕ್ಷೆ ಕೆಲಸದಾಗ ಇದ್ದವ. ಒಂದು ಡಿಗ್ರಿ ಏರಿದ್ರ ಇಸಿ ಸುಮಾರು ಶೇ 2 ಏರ್ತೈತಿ. 25ರಿಂದ 36ಕ್ಕ 11 ಡಿಗ್ರಿ, ಅಂದ್ರ ಶೇ 22. 1.41ಕ್ಕ ಶೇ 22 ಸೇರಿಸ್ರಿ, ಸರಿಯಾಗಿ 1.72. ಹುಡುಗಿ ಹಿಡಿದದ್ದು ಖರೇನೇ ಐತಿ. ನಮ್ಮ ಬಿಸಿಲಿನ್ಯಾಗ ಇದನ್ನ ನೋಡಲಾರದ ಎಷ್ಟು ರೀಡಿಂಗ್ ತಪ್ಪು ಬರದಾರೋ ಏನೋ.

ಒಂದು ಎಚ್ಚರಿಕೆ. ಈ ಮಣ್ಣು ಸವಳು ಅಂತ ತೀರ್ಮಾನದ ಮಾತು ಪತ್ರದಾಗ ಹಾಕಬ್ಯಾಡ್ರಿ. ಸವಳಿಗೆ 4 ಡೆಸಿಸೀಮನ್ಸ್ ಅಂತ ಹೇಳ್ತಾರಲ್ಲ, ಅದು ಮಣ್ಣು ಪೂರ್ತಿ ನೆನೆಯುವಷ್ಟೇ ನೀರು ಹಾಕಿ ತೆಗೆದ ಸ್ಯಾಚುರೇಶನ್ ಎಕ್ಸ್‌ಟ್ರಾಕ್ಟ್ ಲೆಕ್ಕ. ನೀವು ಮಾಡಿದ್ದು ಒಂದಕ್ಕ ಎರಡೂವರೆ ನೀರು ಹಾಕಿದ ಲೆಕ್ಕ, ಅದರಾಗ ನಂಬರ್ ಕಡಿಮಿ ಬರ್ತೈತಿ. ಎರಡನ್ನ ನೇರ ಹೋಲಿಸಾಕ ಬರಂಗಿಲ್ಲ. ಎಸ್‌ಒಪಿದಾಗ ಆಕಿ ಹೋಲಿಸಿದ್ರ ತಿದ್ದಿಸ್ರಿ, ಅಲ್ಲಿ ಓದೋರು ಈ ವಿಷಯದವರೇ ಇರ್ತಾರ.

ಮಾನ್ವಿ_ಟೇಲ್‌ಎಂಡ್

ಸವಳಿನ ಮಾತು ಬಂತು ಅಂತ ಹೇಳ್ತೀನಿ. ತುಂಗಭದ್ರಾ ಎಡದಂಡೆ ಕಾಲುವೆ ಮ್ಯಾಲಿನವ್ರು ಎರಡು ಬೆಳಿ ಭತ್ತಕ್ಕ ನೀರು ನಿಲ್ಲಿಸ್ತಾರ, ತಗ್ಗಿನ ಹೊಲ ಜವಳು ಹಿಡದು ಬೆಳ್ಳಗಾಗ್ತದ. ನಮಗ ಕೊನೀ ಭಾಗಕ್ಕ ಕುಡಿಯಾಕೂ ನೀರು ಬರಂಗಿಲ್ಲ. ಇಂಥಾ ಹುಡುಗಿ ಕಲಿತು ವಾಪಸ್ ಬರಲಿ.

ಬಳ್ಳಾರಿ_ಇಂಗ್ಲಿಷ್_ಮೇಡಂ

ನೀರಿನ ಚರ್ಚೆಗೆ ಬೇರೆ ಪೋಸ್ಟ್ ಹಾಕೋಣ ಅಣ್ಣ, ಅದು ಹಿಡಿದ್ರೆ ಇವತ್ತಿಗೆ ಮುಗಿಯಲ್ಲ.

ಕೆಮಿಸ್ಟ್ರಿ ಸರ್, ಭಾಷೆ ಬಗ್ಗೆ ನನ್ನದೊಂದು ಮಾತು. ನಾನು ನಮ್ಮ ಕಾಲೇಜಿನಲ್ಲಿ ಎಲ್ಲರ ಪತ್ರಗಳ ಇಂಗ್ಲಿಷ್ ತಿದ್ದಿಕೊಡ್ತೀನಿ. ಹುಡುಗರಿಗೆ “ಬ್ರಿಲಿಯಂಟ್, ಒರಿಜಿನಲ್” ಅಂತ ಬರೆಯೋ ಮೇಷ್ಟ್ರುಗಳೇ ಹುಡುಗಿಯರಿಗೆ “ಒಬೀಡಿಯಂಟ್, ಸಾಫ್ಟ್ ಸ್ಪೋಕನ್, ಹಾರ್ಡ್‌ವರ್ಕಿಂಗ್” ಅಂತ ಬರೀತಾರೆ. ಬೇಕಂತ ಮಾಡೋದಲ್ಲ, ಕೈಗೆ ಬಂದುಬಿಡುತ್ತೆ. ಅಮೆರಿಕದ ಒಂದು ವೈದ್ಯಕೀಯ ಕಾಲೇಜಿಗೆ ಬಂದ 300ಕ್ಕೂ ಹೆಚ್ಚು ಶಿಫಾರಸು ಪತ್ರಗಳನ್ನ ಇಟ್ಟುಕೊಂಡು ಮಾಡಿದ ಅಧ್ಯಯನ 2003ರಲ್ಲಿ ಪ್ರಕಟ ಆಗಿತ್ತು. ಅಲ್ಲೂ ಇದೇ ಕಂಡಿತ್ತು: ಹೆಂಗಸರ ಪತ್ರಗಳು ಸರಾಸರಿ ಚಿಕ್ಕವು, ಅನುಮಾನ ಹುಟ್ಟಿಸೋ ಮಾತುಗಳು ಅವುಗಳಲ್ಲೇ ಹೆಚ್ಚು.

ನಿಮ್ಮ ಹುಡುಗಿಯನ್ನೇ ನೋಡಿ. “ಬರ್ಕೋ” ಅಂತ ನೀವು ಹೇಳಿದ್ರೂ ಬರ್ಕೊಳ್ಳಲಿಲ್ಲ. ವಿಧೇಯಳಾಗಿದ್ದಿದ್ರೆ ಆ ತಪ್ಪು ರೀಡಿಂಗೇ ವರದಿಗೆ ಹೋಗಿರೋದು. ಮೊದಲನೇ ಪತ್ರದಲ್ಲಿ “ಒಬೀಡಿಯಂಟ್” ಅಂತ ಹಾಕಿದ್ರಾ?

ರಾಯಚೂರು_ಕೆಮಿಸ್ಟ್ರಿ

ಹಾಕಿದ್ದೆ ಮೇಡಂ. ಎರಡನೇ ಸಾಲಿನಲ್ಲೇ.

ಲಿಂಗಸುಗೂರು_ಮೇಷ್ಟ್ರು

ಅಲ್ರೀ, “ನಾನು ಬರ್ಕೋ ಅಂದೆ, ಆಕಿ ಕೇಳಲಿಲ್ಲ” ಅಂತ ಪತ್ರದಾಗ ಬರದ್ರ ಗುರುಗಳ ಮರ್ಯಾದಿ ಏನಾತು? ಕಾಲೇಜಿನ ಮೀಟರ್ ಸರಿ ಇಲ್ಲ ಅಂತನೂ ಆಗ್ತದ.

ಕೊಪ್ಪಳದವಳು

ಮೇಷ್ಟ್ರೇ, ಓದುವವಳಾಗಿ ಹೇಳ್ತೀನಿ, ಆ ಸಾಲಿನಿಂದ ಸರ್ ಮೇಲೆ ನನಗೆ ಗೌರವ ಹೆಚ್ಚುತ್ತೆ. ತನ್ನ ತಪ್ಪನ್ನೂ ಬರೆದ ಮನುಷ್ಯ ಉಳಿದಿದ್ದನ್ನ ಉಬ್ಬಿಸಿರೋಲ್ಲ ಅಂತ ನಂಬ್ತೀನಿ. ಮೀಟರ್ ಹಳೇದಿರೋದು ಎಲ್ಲಾ ಕಡೆ ಇದ್ದದ್ದೇ. ಹೊರಗೆ ಹೋದ್ರೂ ಅವಳು ದಿನಾ ಮೀಟರ್ ಮುಂದೆ ನಿಲ್ಲೋದೇ, ಅಲ್ಲಿ ಅವಳು ಹೇಗೆ ನಡ್ಕೊಳ್ತಾಳೆ ಅನ್ನೋದನ್ನ ಈ ಒಂದು ಮಧ್ಯಾಹ್ನ ಹೇಳ್ತದೆ.

ಸರ್, ಮೊದಲು ಕನ್ನಡದಲ್ಲೇ ಬರೆದು ನೋಡಿ, ಆಮೇಲೆ ಇಂಗ್ಲಿಷ್ ಮಾಡಿ. ಏನಾಯ್ತು, ಅವಳು ಏನು ಮಾಡಿದ್ಲು, ಅದರಿಂದ ಏನು ಬದಲಾಯ್ತು, ಇಷ್ಟನ್ನ ಹೇಳಿ. ಗುಣವಾಚಕ ಬೇಕಿದ್ರೆ ಕೊನೆಗೆ ಒಂದು.

ರಾಯಚೂರು_ಕೆಮಿಸ್ಟ್ರಿ

ರಾತ್ರಿ ಕೂತು ಬರೆದೆ. ಹೀಗಿದೆ:

“ಕೊನೆಯ ಸೆಮಿಸ್ಟರಿನಲ್ಲಿ ಈಕೆಯ ಪ್ರಾಜೆಕ್ಟಿಗೆ ನಾನು ಮಾರ್ಗದರ್ಶಕನಾಗಿದ್ದೆ. ಮಣ್ಣಿನ ವಿದ್ಯುತ್ ವಾಹಕತೆ ಅಳೆಯುವಾಗ ಮಧ್ಯಾಹ್ನದ ರೀಡಿಂಗ್‌ಗಳು ಬೆಳಗಿನದಕ್ಕಿಂತ ಹೆಚ್ಚಿವೆ ಎಂದು ಬಂದು ಹೇಳಿದಳು. ಹಳೆಯ ಮೀಟರು, ಬಂದದ್ದನ್ನು ಬರೆದುಕೋ ಎಂದೆ. ಅವಳು ಗೊತ್ತಿರುವ ದ್ರಾವಣವೊಂದನ್ನು ತಯಾರಿಸಿ ಮೀಟರನ್ನೇ ಪರೀಕ್ಷಿಸಿದಳು. ಶೇ 22ರಷ್ಟು ಹೆಚ್ಚು ತೋರಿಸುತ್ತಿತ್ತು. ಕೋಣೆಯ ಸೆಕೆಗೆ ತಕ್ಕಂತೆ ತಾಪಮಾನ ಹೊಂದಿಸಿಲ್ಲದ್ದೇ ಕಾರಣವೆಂದು ಕಂಡುಕೊಂಡು, ಆಗಲೇ ಮುಗಿಸಿದ್ದ ಒಂಬತ್ತು ಸ್ಯಾಂಪಲ್‌ಗಳನ್ನು ಮತ್ತೆ ಅಳೆದಳು. ವರದಿ ಎರಡು ದಿನ ತಡವಾಯಿತು, ನಾನು ಗದರಿದೆ. ಕಾರಣ ಕೇಳಿದ ಮೇಲೆ ತಪ್ಪು ನನ್ನದೆಂದು ತಿಳಿಯಿತು. ಅಂದಿನಿಂದ ನಮ್ಮ ಲ್ಯಾಬಿನಲ್ಲಿ ಇಸಿ ಅಳೆಯುವ ಮುನ್ನ ಎಲ್ಲರೂ ಆ ದ್ರಾವಣದಿಂದ ಮೀಟರ್ ಪರೀಕ್ಷಿಸುತ್ತಾರೆ. ನಾನು ಈವರೆಗೆ ಮಾರ್ಗದರ್ಶನ ಮಾಡಿದ ಸುಮಾರು 40 ಪ್ರಾಜೆಕ್ಟ್‌ಗಳಲ್ಲಿ, ಯಾರೂ ಹೇಳದೆ ತನ್ನ ರೀಡಿಂಗನ್ನೇ ಅನುಮಾನಿಸಿ ಹಿಂದಕ್ಕೆ ಹೋದವರು ಇಬ್ಬರು. ಈಕೆ ಒಬ್ಬಳು.”

ಸರಿ ಇದೆಯಾ? ಅವರ ಹೊಲದ ಕಷ್ಟನೂ ಒಂದು ಪ್ಯಾರಾ ಬರೆಯೋಣ ಅಂತ ಇದ್ದೀನಿ, ಮನ ಕಲಕುತ್ತೆ.

ಬಳ್ಳಾರಿ_ಇಂಗ್ಲಿಷ್_ಮೇಡಂ

ಸರ್, ಇದನ್ನ ಹೀಗೇ ಇಂಗ್ಲಿಷ್ ಮಾಡಿ, ದೊಡ್ಡ ಪದ ಹುಡುಕಬೇಡಿ.

ಕೊಪ್ಪಳದವಳು

ಬಹಳ ಚೆನ್ನಾಗಿದೆ. ‘ತಾಳ್ಮೆ’, ‘ಸೂಕ್ಷ್ಮ’ ಎರಡೂ ಪದ ಇಲ್ಲ, ಎರಡೂ ಗುಣ ಕಾಣ್ತವೆ. 40ರಲ್ಲಿ ಇಬ್ಬರು ಅನ್ನೋದು ಇನ್ನೂ ಒಳ್ಳೇದು. “ಅತ್ಯುತ್ತಮ ವಿದ್ಯಾರ್ಥಿನಿ” ಅಂದ್ರೆ ಯಾರ ಜೊತೆ ಹೋಲಿಸಿ ಅಂತ ನಮಗೆ ತಿಳಿಯೋಲ್ಲ.

ಹೊಲದ ಕಥೆ ಬೇಡ. ನೀವು ಆ ಹೊಲ ನೋಡಿಲ್ಲ, ಅದು ಅವಳ ಮಾತು, ಅವಳ ಎಸ್‌ಒಪಿಯಲ್ಲೇ ಇರಲಿ. ಆದ್ರೆ ಸ್ಯಾಂಪಲ್ ಅವರೂರಿಂದ ತಂದಿದ್ದು ನಿಮ್ಮ ಕಣ್ಣಿಗೆ ಬಿದ್ದಿದ್ರೆ ಅಷ್ಟು ಬರೀರಿ.

ರಾಯಚೂರು_ಕೆಮಿಸ್ಟ್ರಿ

ನೋಡಿದ್ದೀನಿ. ಬೆಳಗಿನ ಬಸ್ಸಿಗೆ ರಸಗೊಬ್ಬರದ ಚೀಲದಲ್ಲಿ ಹೊತ್ತು ತಂದಿದ್ಲು. ಒಂದೊಂದು ಪ್ಲಾಸ್ಟಿಕ್ ಕವರ್ ಮೇಲೂ ಯಾರ ಹೊಲ, ಕಾಲುವೆಯಿಂದ ಎಷ್ಟು ಹೆಜ್ಜೆ ಅಂತ ಚೀಟಿ ಕಟ್ಟಿತ್ತು.

ಗಂಗಾವತಿ_ಭತ್ತ

ಆ ಚೀಟಿ ಮಾತು ಹಾಕ್ರಿ ಸರ. ಕಾಲುವೆಯಿಂದ ಎಷ್ಟು ದೂರ ಅಂತ ಬರಕೊಂಡಾಳ ಅಂದ್ರ ಏನು ಹುಡುಕ್ತೀನಿ ಅನ್ನೋದು ಆಕಿಗೆ ಮೊದಲೇ ಗೊತ್ತಿತ್ತು.

ರಾಯಚೂರು_ಕೆಮಿಸ್ಟ್ರಿ

ಹಾಕ್ತೀನಿ. ಆದ್ರೆ ಒಂದು ತೊಡಕಿದೆ. ಎಸ್‌ಒಪಿಯಲ್ಲಿ “ಪ್ರಾಜೆಕ್ಟ್ ಮುನ್ನಡೆಸಿದೆ” ಅಂತ ಬರೆದಿದ್ದಾಳೆ. ಇದ್ದವರು ಮೂವರು. ಸ್ಯಾಂಪಲ್, ಇಸಿ ಇವಳದು, ಪಿಎಚ್ ಇನ್ನೊಬ್ಬಳದು, ವರದಿ ಟೈಪ್ ಮಾಡಿದ್ದು ಒಬ್ಬ ಹುಡುಗ. ನಾಯಕಿ ಅಂತ ನಾನೇನೂ ಮಾಡಿರಲಿಲ್ಲ.

ಸಿರುಗುಪ್ಪ_ಹುಡುಗ

ಆ ಪದ ಎಲ್ಲಾರೂ ಹಾಕ್ತಾರ ಸರ, ಬಿಟ್ಟುಬಿಡ್ರಿ.

ಕೊಪ್ಪಳದವಳು

ಬಿಡೋ ಹಾಗಿಲ್ಲ. ಅವಳು “ಮುನ್ನಡೆಸಿದೆ” ಅಂತಾಳೆ, ನೀವು ಮೂವರ ಕೆಲಸ ಅಂತೀರಿ, ಪಕ್ಕಪಕ್ಕ ಓದಿದವರಿಗೆ ಇಬ್ಬರ ಮೇಲೂ ಅನುಮಾನ ಬರುತ್ತೆ. ನೀವು ಅವಳಿಗಾಗಿ ಪತ್ರ ಬಗ್ಗಿಸಬೇಡಿ, ಅವಳನ್ನ ಕರೆದು ಮಾತಾಡಿ. “ಮೂವರ ತಂಡದಲ್ಲಿ ಸ್ಯಾಂಪಲ್ ಸಂಗ್ರಹ ಮತ್ತು ಇಸಿ ಅಳತೆ ನನ್ನದು” ಅಂತ ಅವಳೇ ತಿದ್ದಿಕೊಳ್ಳಲಿ. ಅದರಿಂದ ಅವಳಿಗೇನೂ ಕಡಿಮೆ ಆಗೋಲ್ಲ.

ರಾಯಚೂರು_ಕೆಮಿಸ್ಟ್ರಿ

ಕರೆದು ಕೇಳಿದೆ. ಯಾರೋ ಸೀನಿಯರ್ ಆ ಪದ ಹಾಕು ಅಂದಿದ್ರಂತೆ. ಅಲ್ಲೇ ಕೂತು ತಿದ್ದಿದ್ಲು. ಇನ್ನೊಂದು ವಿಷಯನೂ ಹೇಳಿದ್ಲು. ಮೂರನೇ ಸೆಮಿಸ್ಟರ್‌ನಲ್ಲಿ ಒಂದು ಪೇಪರ್ ಬ್ಯಾಕ್ ಉಳಿದಿತ್ತು, ಆಗ ಮನೆಯಲ್ಲಿ ಕಾಯಿಲೆ. ಎಸ್‌ಒಪಿಯಲ್ಲಿ ಬರೆದಿಲ್ಲ. ನಾನು ಬರೀಲಾ?

ಲಿಂಗಸುಗೂರು_ಮೇಷ್ಟ್ರು

ಬ್ಯಾಡ್ರಿ. ಇಲ್ಲದ ಗಾಯ ಯಾಕ ಕೆದಕಬೇಕು.

ಬಳ್ಳಾರಿ_ಇಂಗ್ಲಿಷ್_ಮೇಡಂ

ಅಂಕಪಟ್ಟಿಯಲ್ಲಿ ಕಾಣೋ ಗಾಯ ಅಲ್ವಾ ಮೇಷ್ಟ್ರೇ? ಅವಳು ಒಪ್ಪಿದ್ರೆ ಒಂದೇ ಸಾಲು, “ಮನೆಯ ಕಷ್ಟದ ಅವಧಿ, ಮುಂದಿನ ಸಲ ಪಾಸಾದಳು” ಅಂತ. ಕಾಯಿಲೆಯ ವಿವರ ಬೇಡ, ಅದು ಮನೆಯವರ ಖಾಸಗಿ ವಿಷಯ.

ಕೊಪ್ಪಳದವಳು

ಇದರಲ್ಲಿ ನಮ್ಮ ಸಮಿತಿಯಲ್ಲೇ ಎರಡು ಮತ ಇದೆ. ಒಂದು ಪೇಪರಿಗೆ ವಿವರಣೆ ಕೊಟ್ರೆ ಅದೇ ಕಣ್ಣಿಗೆ ಹೊಡೆಯುತ್ತೆ ಅಂತ ಕೆಲವರು, ಗೊತ್ತಾದ್ರೆ ಒಳ್ಳೇದು ಅಂತ ಕೆಲವರು. ನಾನಾಗಿದ್ರೆ ಅವಳಿಗೇ ಬಿಡ್ತಿದ್ದೆ.

ಲಿಂಗಸುಗೂರು_ಮೇಷ್ಟ್ರು

ಅದಿರಲಿ. ಸರ, ನಾನು ಬರದುಕೊಟ್ಟ ಹಳೇ ಪತ್ರ ಇವತ್ತು ತಗದು ನೋಡಿದೆ. ಹೆಸರು ಮುಚ್ಚಿದ್ರ ಯಾರದು ಯಾವುದು ಅಂತ ನನಗೇ ಗೊತ್ತಾಗಲಿಲ್ಲ. ಆದ್ರ ನಮ್ಮ ಕಡಿ ಒಂದು ಕ್ಲಾಸಿಗೆ 80 ಹುಡುಗರು, ಒಬ್ಬೊಬ್ಬರದು ಇಷ್ಟು ನೆನಪಿಡೋದು ಹ್ಯಾಂಗ್ರಿ? ಡ್ರಾಫ್ಟ್ ಬ್ಯಾಡಂತೀರಿ, ನೆನಪೂ ಇರಂಗಿಲ್ಲ.

ಕೊಪ್ಪಳದವಳು

ನಿಜ ಮೇಷ್ಟ್ರೇ, ಕಷ್ಟ ಇದೆ. ಡ್ರಾಫ್ಟ್ ಬದಲು ಅವರ ಹತ್ರ ಅರ್ಧ ಪುಟದ ಟಿಪ್ಪಣಿ ಕೇಳಿ, ನಿಮ್ಮ ತರಗತಿಯಲ್ಲಿ ತಾನು ಏನು ಮಾಡಿದ್ದು, ಎಲ್ಲಿ ಎಡವಿದ್ದು ಅಂತ. ಓದಿದಾಗ ನಿಮಗೆ ನೆನಪು ಬಂದದ್ದನ್ನ ನಿಮ್ಮ ಮಾತಲ್ಲಿ ಬರೀರಿ. ಎಷ್ಟು ಓದಿದ್ರೂ ಏನೂ ನೆನಪಾಗದಿದ್ರೆ, ಅವರನ್ನ ಹತ್ತಿರದಿಂದ ಕಂಡ ಇನ್ನೊಬ್ಬರ ಹೆಸರು ಹೇಳಿ ಕಳಿಸೋದೇ ಅವರಿಗೆ ಉಪಕಾರ.

ದೇವದುರ್ಗ_ಪಿಯು

ಈಗ ತಿಳೀತು ಸರ್, ನಾನು ತಪ್ಪು ತಿಳಿದಿದ್ದೆ. ಒಂದು ಪ್ರಶ್ನೆ. ಲಿಂಕ್ ಬರೋದು ಕಾಲೇಜಿನ ಇಮೇಲ್‌ಗೇ ಆಗಬೇಕಂತಲ್ಲ, ನಮಗೆ ಅಂಥದ್ದೇ ಇಲ್ಲ, ಎಲ್ಲಾರದೂ ಜಿಮೇಲ್. ಏನು ಮಾಡೋದು?

ಕೊಪ್ಪಳದವಳು

ಒಂದೊಂದು ಕಡೆ ಒಂದೊಂದು ಥರ. ವಿದ್ಯಾರ್ಥಿಯೇ ಮುಂಚೆ ಪ್ರವೇಶ ವಿಭಾಗಕ್ಕೆ ಬರೆದು ಕೇಳಬೇಕು. ಲೆಟರ್‌ಹೆಡ್, ಸೀಲು, ಕಾಲೇಜಿನ ಫೋನ್ ನಂಬರ್ ಇದ್ರೆ ಕೆಲವರು ಒಪ್ಪುತ್ತಾರೆ. ಕೆಲವರು ಒಪ್ಪೋಲ್ಲ.

ರಾಯಚೂರು_ಕೆಮಿಸ್ಟ್ರಿ

ನಮ್ಮಲ್ಲಿ ಪ್ರಾಂಶುಪಾಲರದು ಒಂದೇ ಇದೆ, ಅದಕ್ಕೆ ಲಿಂಕ್ ತರಿಸಬಹುದಾ ಅಂತ ಅವಳು ಕೇಳಿ ಬರೆದಿದ್ದಾಳೆ, ಉತ್ತರ ಬಂದಿಲ್ಲ. ಬ್ಯಾಕ್ ವಿಷಯ ಬರೀಬೇಡಿ ಸರ್ ಅಂದ್ಲು, ಬಿಟ್ಟೆ.

ಕಳಿಸೋ ಮುಂಚೆ ಅಂತ ಇವತ್ತು ಲ್ಯಾಬಿನ ಬೀರು ತೆಗೆದು ಅವಳ ಪ್ರಾಜೆಕ್ಟಿನ ಕಚ್ಚಾ ಪುಸ್ತಕ ಹುಡುಕಿದೆ. 36 ಡಿಗ್ರಿ, 1.72 ಎರಡೂ ಪೆನ್ಸಿಲ್‌ನಲ್ಲಿ ಬರೆದಿದ್ದಾಳೆ. ಆದ್ರೆ ಹೊಡೆದುಹಾಕಿರೋ ರೀಡಿಂಗ್ ಒಂಬತ್ತಲ್ಲ, ಎಂಟು. ಪತ್ರದಲ್ಲಿ ಎಂಟು ಅಂತ ತಿದ್ದಿದೆ.